ಕತೆ ಕತ್ತೆಯಾದಾಗ: ಕಾಫಿ ಚೆಲ್ಲಿದ ಲ್ಯಾಪ್‌ಟಾಪ್ ಕೀಬೋರ್ಡ್

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಕತ್ತೆಯಿಂದ.

ಇಲ್ಲಿ ಜರ್ಮನಿಯಲ್ಲಿ ನಮ್ಮ ಮನೆಗೆ ಹಬ್ಬಕ್ಕೆ ಹುಣ್ಣಿಮೆಗೆ ಬಂದುಹೋಗುವ ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ಇದ್ದಾಳೆ. ದಾವಣಗೆರೆ ಕಡೆಯವಳು. ಮಾಸ್ಟರ್ಸ್ ಓದುತ್ತಿದ್ದಳು, ಪ್ರಬಂಧ ಒಪ್ಪಿಸೋಕೆ ಸರಿಯಾಗಿ ಮೂರು ವಾರ ಇತ್ತು. ಅದರ ನಡುವೆ ಯುಗಾದಿಯ ಸ್ಮರಣ ಸಂಚಿಕೆಗೆ ಒಂದು ಸಣ್ಣ ಕತೆ ಬರೆದುಕೊಡ್ತೀನಿ ಅಂತ ಬೇರೆ ಒಪ್ಪಿಕೊಂಡಿದ್ದಳು. ಒಂದು ಬುಧವಾರ ರಾತ್ರಿ ಫೋನ್ ಬಂತು.

“ಅಣ್ಣಾ, ನನ್ನ ಲ್ಯಾಪ್‌ಟಾಪ್ ನನ್ನ ಕತೇನ ಕತ್ತೆ ಮಾಡಾಕತ್ತೈತಿ ನೋಡ್ರಿ.”

ನಾನು ನಕ್ಕೆ. ಅವಳು ನಗಲಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನದಲ್ಲಿ ಅವಳು ಟೈಪ್ ಮಾಡ್ತಾಳೆ. `kate` ಅಂತ ಒತ್ತಿದರೆ ಕತೆ. ಟಿ ಕೀ ಒಂದೇ ಸಲ ಒತ್ತಿದರೂ ಎರಡು ಸಲ ಬಿದ್ದರೆ `katte`, ಅಂದರೆ ಕತ್ತೆ. ಕತೆಯಲ್ಲಿ ಕತ್ತೆ ಬಂದರೆ ತಿದ್ದಬಹುದು. ಆದರೆ ಅವಳ ಪಾಸ್‌ವರ್ಡಿನಲ್ಲೂ ಒಂದು ಟಿ ಇತ್ತು. ಬೆಳಗ್ಗೆ ನಾಲ್ಕು ಸಲ ಪಾಸ್‌ವರ್ಡ್ ತಪ್ಪು ಅಂತ ಬಂದಾಗ ಅವಳಿಗೆ ನಿಜವಾಗಿ ಭಯವಾಗಿತ್ತು. ಪ್ರಬಂಧದ ಪ್ರತಿ ಇನ್ನೆಲ್ಲೂ ಇರಲಿಲ್ಲ.

“ಏನಾದರೂ ಚೆಲ್ಲಿದ್ಯಾ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, “ಶನಿವಾರ ಸ್ವಲ್ಪ ಕಾಫಿ ಬಿದ್ದಿತ್ತು ಅಣ್ಣಾ. ಆದ್ರ ಒಣಗಿಸಿದ್ದೆ. ಭಾನುವಾರ ಎಲ್ಲಾ ಚಲೋ ಇತ್ತು.”

ಹಾಲು ಸಕ್ಕರೆ ಹಾಕಿದ ಕಾಫಿ, ಅರ್ಧ ಲೋಟ. ಭಾನುವಾರ ಸರಿಯಿದ್ದ ಕೀಬೋರ್ಡ್ ಬುಧವಾರ ಯಾಕೆ ಕೆಟ್ಟಿತು? ಯಾವ ದೋಷವನ್ನು ನಾವೇ ಒರೆಸಿ ತೊಳೆದು ಸರಿಮಾಡಬಹುದು, ಯಾವುದಕ್ಕೆ ಹೊಸ ಕೀಬೋರ್ಡೇ ಗತಿ? ಇವತ್ತು ಈ ಒಂದು ಲ್ಯಾಪ್‌ಟಾಪಿನ ಹಿಂದೆಯೇ ಹೋಗೋಣ.

ಒಂದು ಕೀ ಒತ್ತಿದಾಗ ಏನಾಗುತ್ತೆ

ಲ್ಯಾಪ್‌ಟಾಪಿನ ಕೀ ಮೇಲಿಂದ ನೋಡಿದರೆ ಒಂದು ಚಪ್ಪಟೆ ಪ್ಲಾಸ್ಟಿಕ್ ಬಿಲ್ಲೆ. ಅದರ ಕೆಳಗೆ ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡಲಾಗಿ ಸೇರಿಕೊಂಡ ಎರಡು ಪುಟ್ಟ ಚೌಕಟ್ಟುಗಳಿರುತ್ತವೆ. ಕೀ ಓರೆಯಾಗದೆ ನೇರವಾಗಿ ಇಳಿಯೋದು ಇವುಗಳಿಂದ. ನಡುವೆ ಇಡ್ಲಿಯನ್ನು ಕವುಚಿ ಇಟ್ಟ ಹಾಗೆ ಒಂದು ರಬ್ಬರ್ ಗುಮ್ಮಟ. ಒತ್ತಿದರೆ ಅದು ಕುಸಿಯುತ್ತದೆ, ಬೆರಳು ತೆಗೆದರೆ ಮತ್ತೆ ಉಬ್ಬಿ ಕೀಯನ್ನು ಮೇಲಕ್ಕೆ ತಳ್ಳುತ್ತದೆ.

ಆ ಗುಮ್ಮಟದ ಕೆಳಗಿರೋದು ನಿಜವಾದ ಸ್ವಿಚ್. ಅದು ತೆಳ್ಳನೆಯ ಮೂರು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ಬೆಳ್ಳಿಯ ಪುಡಿ ಬೆರೆಸಿದ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ಇವೇ ತಂತಿಗಳು. ಮಧ್ಯದ ಹಾಳೆ ಎರಡನ್ನೂ ದೂರ ಇಡುತ್ತದೆ, ಆದರೆ ಪ್ರತಿ ಕೀ ಇರುವ ಕಡೆ ಅದರಲ್ಲೊಂದು ತೂತು ಇರುತ್ತದೆ. ಕೀ ಒತ್ತಿದಾಗ ಮೇಲಿನ ಹಾಳೆ ಆ ತೂತಿನೊಳಗೆ ಬಗ್ಗಿ ಕೆಳಗಿನ ಹಾಳೆಯನ್ನು ಮುಟ್ಟುತ್ತದೆ. ಕರೆಂಟು ಹರಿಯುತ್ತದೆ.

ಎಂಬತ್ತು, ತೊಂಬತ್ತು ಕೀಗಳಿಗೆ ಒಂದೊಂದಕ್ಕೂ ಬೇರೆ ತಂತಿ ಎಳೆಯೋಕೆ ಆಗಲ್ಲ. ಅದಕ್ಕೆ ಬೆಂಗಳೂರಿನ ಬಡಾವಣೆಯ ಉಪಾಯವನ್ನೇ ಮಾಡಿದ್ದಾರೆ. ನಾಲ್ಕನೇ ಮೇನ್, ಏಳನೇ ಕ್ರಾಸ್ ಅಂದರೆ ಒಂದೇ ಒಂದು ಮೂಲೆ ಸಿಗುತ್ತದಲ್ಲ, ಹಾಗೆ ಮೇಲಿನ ಹಾಳೆಯ ಗೆರೆಗಳು ಮೇನ್ ರೋಡುಗಳು, ಕೆಳಗಿನ ಹಾಳೆಯ ಗೆರೆಗಳು ಕ್ರಾಸುಗಳು. ಪ್ರತಿ ಕೀಗೂ ಒಂದು ಮೇನ್, ಒಂದು ಕ್ರಾಸ್ ವಿಳಾಸ. ಲ್ಯಾಪ್‌ಟಾಪಿನೊಳಗಿನ ಒಂದು ಪುಟ್ಟ ಚಿಪ್ ಸೆಕೆಂಡಿಗೆ ನೂರಾರು ಸಲ ಈ ರಸ್ತೆಗಳಲ್ಲಿ ಗಸ್ತು ಹೊಡೆಯುತ್ತಾ ಯಾವ ಮೂಲೆಯಲ್ಲಿ ಎರಡು ರಸ್ತೆ ಸೇರಿವೆ ಅಂತ ನೋಡುತ್ತಿರುತ್ತದೆ. ಈ ವಿಳಾಸದ ವಿಷಯ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಒಂದು ಸಲ ಒತ್ತಿದ್ದು ಎರಡು ಯಾಕಾಯ್ತು

ಎರಡು ಹಾಳೆ ಮುಟ್ಟಿದ ಕೂಡಲೇ ಸಂಪರ್ಕ ಗಟ್ಟಿಯಾಗಲ್ಲ. ನೆಲಕ್ಕೆ ಬಿದ್ದ ಚೆಂಡು ಕೆಲವು ಸಲ ಪುಟಿದು ನಿಲ್ಲುವ ಹಾಗೆ, ಮೊದಲ ಕೆಲವು ಮಿಲಿಸೆಕೆಂಡು ಕರೆಂಟು ಬಂತು ಹೋಯ್ತು ಬಂತು ಅಂತ ಆಡುತ್ತದೆ. ಹೊಸ ಕೀಬೋರ್ಡಿನಲ್ಲೂ ಇದು ಇದ್ದದ್ದೇ. ಚಿಪ್ಪಿಗೆ ಇದು ಗೊತ್ತು. ಸಾಮಾನ್ಯವಾಗಿ ಐದರಿಂದ ಇಪ್ಪತ್ತು ಮಿಲಿಸೆಕೆಂಡಿನ ಒಳಗಿನ ಅಲುಗಾಟವನ್ನು ಅದು ಲೆಕ್ಕಕ್ಕೆ ತಗೊಳ್ಳಲ್ಲ.

ಕಾಫಿ ಒಳಗೆ ಹೋದಾಗ ಈ ಲೆಕ್ಕ ತಪ್ಪುತ್ತದೆ. ನೀರು ಆರಿ ಹೋಗುತ್ತದೆ, ಸಕ್ಕರೆ ಮತ್ತು ಹಾಲಿನ ಅಂಶ ಪಾಕದ ಹಾಗೆ ಉಳಿಯುತ್ತದೆ. ಈ ಪಾಕ ರಬ್ಬರ್ ಗುಮ್ಮಟಕ್ಕೆ ಮೆತ್ತಿದರೆ ಕೀ ನಿಧಾನಕ್ಕೆ, ಅದುರುತ್ತಾ ಮೇಲೆ ಬರುತ್ತದೆ. ಹಾಳೆಗಳ ನಡುವೆ ಸೇರಿದರೆ ಸಂಪರ್ಕದ ಜಾಗದಲ್ಲೇ ಪೊರೆ ಕಟ್ಟುತ್ತದೆ. ಬೆರಳು ಕೀ ಮೇಲೇ ಇರುವಾಗ ಸಂಪರ್ಕ ನಡುವೆ ಕಡಿದು ಮತ್ತೆ ಕೂಡುತ್ತದೆ. ಆ ಕಡಿತ ಚಿಪ್ಪಿನ ತಾಳ್ಮೆಗಿಂತ ಉದ್ದವಾದರೆ, ಚಿಪ್ ಅದನ್ನು ಎರಡನೇ ಒತ್ತು ಅಂತ ಬರೆದುಕೊಳ್ಳುತ್ತದೆ.

ಭಾನುವಾರ ಸರಿ ಇದ್ದು ಬುಧವಾರ ಕೆಟ್ಟಿದ್ದಕ್ಕೂ ಇದೇ ಕಾರಣ. ಸಕ್ಕರೆ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಬೆಲ್ಲ ಒದ್ದೆಯಾಗೋದನ್ನು ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೇವೆ. ಕೀ ಕೆಳಗಿನ ಪಾಕ ಮೊದಲು ಆರಿ, ಆಮೇಲೆ ತೇವ ಎಳೆದುಕೊಂಡು ಅಂಟಾಯಿತು.

ಶುಕ್ರವಾರ ಸಂಜೆ ಅವಳ ಕೋಣೆಗೆ ಹೋದೆ. ಮೊದಲು ಪರದೆಯ ಮೇಲಿನ ಕೀಬೋರ್ಡ್ ತೆರೆದು ಮೌಸ್‌ನಿಂದ ಪಾಸ್‌ವರ್ಡ್ ಹಾಕಿ, ಪ್ರಬಂಧವನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಇದು ಆಗದೆ ಮುಂದಿನ ಯಾವ ರಿಪೇರಿಗೂ ಕೈ ಹಾಕಬಾರದು. ಆಮೇಲೆ ಹೊರಗಿನ ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಟಿ ಒತ್ತಿದೆ. ಒಂದೇ ಬಿತ್ತು. ಅಂದರೆ ವಿಂಡೋಸ್ ಸರಿ ಇದೆ, ತೊಂದರೆ ಒಳಗಿನ ಕೀಬೋರ್ಡಿನದೇ.

ನನ್ನ ಹತ್ತಿರ ಲಿನಕ್ಸ್ ಹಾಕಿದ ಇನ್ನೊಂದು ಪೆನ್‌ಡ್ರೈವ್ ಇತ್ತು. ಅದರಿಂದ ಲ್ಯಾಪ್‌ಟಾಪ್ ಶುರುಮಾಡಿ `sudo evtest` ಅನ್ನೋ ಆಜ್ಞೆ ಓಡಿಸಿದೆ. ಪ್ರತಿ ಕೀ ಒತ್ತಿದ್ದು, ಬಿಟ್ಟಿದ್ದು ಯಾವ ಗಳಿಗೆಯಲ್ಲಿ ಅಂತ ಅದು ತೋರಿಸುತ್ತದೆ. ಟಿ ಕೀಯನ್ನು ಒಂದೇ ಸಲ ಒತ್ತಿದಾಗ ಬಂದದ್ದು ಇದು. ಓದೋಕೆ ಸುಲಭವಾಗಲಿ ಅಂತ ಸಾಲುಗಳನ್ನು ಮೊಟಕು ಮಾಡಿ, ಸಮಯವನ್ನು ಸೊನ್ನೆಯಿಂದ ಎಣಿಸಿದ್ದೇನೆ.

```
0.000  KEY_T  value 1
0.071  KEY_T  value 0
0.094  KEY_T  value 1
0.118  KEY_T  value 0
```

`value 1` ಅಂದರೆ ಒತ್ತಿದ್ದು, `value 0` ಅಂದರೆ ಬಿಟ್ಟಿದ್ದು. ಒತ್ತಿದ 71 ಮಿಲಿಸೆಕೆಂಡಿಗೆ ಸಂಪರ್ಕ ಹೋಯಿತು, 23 ಮಿಲಿಸೆಕೆಂಡು ಬಿಟ್ಟು ಮತ್ತೆ ಬಂತು. ಬೆರಳನ್ನು ಎತ್ತಿ ಮತ್ತೆ ಒತ್ತೋಕೆ ಇಷ್ಟು ಹೊತ್ತು ಯಾರಿಗೂ ಸಾಲದು. ಇಡೀ ಘಟನೆ ಮುಗಿದದ್ದು 118 ಮಿಲಿಸೆಕೆಂಡಿನಲ್ಲಿ, ಅದು ಒಂದು ಸಾಧಾರಣ ಒತ್ತಿಗೆ ಹಿಡಿಯುವ ಸಮಯ. ಹಾಗಾಗಿ ಇದು ಬೆರಳಿನ ತಪ್ಪಲ್ಲ, ಸಂಪರ್ಕ ಕಡಿದದ್ದು. ಕೀ ಒತ್ತಿಹಿಡಿದಾಗ ಅಕ್ಷರ ಸಾಲಾಗಿ ಬರುತ್ತದಲ್ಲ, ಅದಾಗಿದ್ದರೆ ಇಲ್ಲಿ `value 2` ಅಂತ ಕಾಣಿಸುತ್ತಿತ್ತು.

ಇಷ್ಟೆಲ್ಲ ಮಾಡೋಕಾಗದಿದ್ದರೆ ಚಿಂತೆ ಇಲ್ಲ. ನೋಟ್‌ಪ್ಯಾಡ್ ತೆರೆದು ಆ ಕೀಯನ್ನು ಒಂದೇ ಹದದಲ್ಲಿ ನೂರು ಸಲ ಒತ್ತಿ, ಎಷ್ಟು ಅಕ್ಷರ ಬಿದ್ದಿವೆ ಅಂತ ಎಣಿಸಿ. ನಮ್ಮಲ್ಲಿ 127 ಟಿ ಬಿದ್ದಿದ್ದವು. ಪಕ್ಕದ ವೈ ಕೀಯಲ್ಲಿ ಸರಿಯಾಗಿ ನೂರು. ತೊಳೆದ ಮೇಲೆ ಗುಣ ಕಂಡಿದೆಯಾ ಅಂತ ತಿಳಿಯೋಕೆ ಈ ಎಣಿಕೆಯೇ ಅಳತೆಗೋಲು.

ಸಕ್ಕರೆಗೆ ನೀರು, ನೀರಿಗೆ ಆಲ್ಕೊಹಾಲ್

ಎಲೆಕ್ಟ್ರಾನಿಕ್ಸ್ ಒದ್ದೆಯಾಯ್ತು ಅಂದರೆ ಎಲ್ಲರೂ ಹೇಳೋದು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕು ಅಂತ. ಅವಳೂ ಆಗಲೇ ಔಷಧಿ ಅಂಗಡಿಯಿಂದ ಒಂದು ಬಾಟಲಿ ತಂದು, ಟಿ ಸುತ್ತ ಹತ್ತಿ ಅದ್ದಿ ಒರೆಸಿದ್ದಳು. ಏನೂ ಪ್ರಯೋಜನವಾಗಿರಲಿಲ್ಲ.

ಯಾಕೆ ಅಂತ ತಿಳಿಯೋಕೆ ಎರಡು ಪುಟ್ಟ ಗಾಜಿನ ಲೋಟ ಸಾಕು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್. ಎರಡಕ್ಕೂ ಅರ್ಧ ಚಮಚ ಸಕ್ಕರೆ ಹಾಕಿ ಕದಡಿ. ನೀರಿನಲ್ಲಿ ಅದು ಮಾಯ. ಆಲ್ಕೊಹಾಲಿನಲ್ಲಿ ಮರಳಿನ ಹಾಗೆ ತಳದಲ್ಲೇ ಕೂತಿರುತ್ತದೆ. ಸಕ್ಕರೆಯ ಅಣುವಿಗೆ ನೀರಿನ ಅಣುಗಳು ನಾಲ್ಕೂ ಕಡೆಯಿಂದ ಅಂಟಿಕೊಂಡು ಅದನ್ನು ಹರಳಿನಿಂದ ಎಳೆದು ತರಬಲ್ಲವು, ಐಸೊಪ್ರೊಪೈಲ್‌ಗೆ ಆ ಶಕ್ತಿ ಬಹಳ ಕಡಿಮೆ. ಬಾಟಲಿ ಎಷ್ಟು ಶುದ್ಧವೋ ಸಕ್ಕರೆ ತೆಗೆಯೋಕೆ ಅಷ್ಟು ನಿಷ್ಪ್ರಯೋಜಕ.

ಹಾಗಾದರೆ ಆಲ್ಕೊಹಾಲ್ ಯಾಕೆ? ನೀರನ್ನು ಹೊರಹಾಕೋಕೆ. ನೀರು ಸಂದುಗಳಲ್ಲಿ ಕೂತರೆ ದಿನಗಟ್ಟಲೆ ಆರಲ್ಲ. ಆಲ್ಕೊಹಾಲ್ ನೀರಿನ ಜೊತೆ ಬೆರೆತು, ಅದನ್ನೂ ಕರೆದುಕೊಂಡು ಬೇಗ ಆವಿಯಾಗುತ್ತದೆ. ಹಾಲಿನ ಜಿಡ್ಡಿಗೂ ಅದರಿಂದ ಸ್ವಲ್ಪ ಸಹಾಯ. ಆದ್ದರಿಂದ ಸಿಹಿ ಚೆಲ್ಲಿದಾಗ ಕ್ರಮ ಹೀಗೆ: ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಶೇಕಡಾ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್. ನಲ್ಲಿ ನೀರು ಬೇಡ. ಅದರಲ್ಲಿರುವ ಲವಣ ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ಇಲ್ಲಿ ಇಸ್ತ್ರಿಪೆಟ್ಟಿಗೆಗೆ ಹಾಕೋಕೆ ಮಾರುವ ಲವಣ ತೆಗೆದ ನೀರು ಸಾಕಾಗುತ್ತದೆ, ಆದರೆ ಪರಿಮಳ ಬೆರೆಸಿದ್ದು ಬೇಡ.

ನಾವು ಮಾಡಿದ್ದು ಹೀಗೆ. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಕಿತ್ತು, ಕೆಳಗಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಬ್ಯಾಟರಿಯ ಕನೆಕ್ಟರ್ ತೆಗೆದೆವು. ಇದು ಶಾಸ್ತ್ರಕ್ಕೆ ಮಾಡೋದಲ್ಲ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿ ಸೇರಿಕೊಂಡಿದ್ದರೆ ಬೋರ್ಡಿನ ಕೆಲವು ಕಡೆ ಕರೆಂಟು ಇದ್ದೇ ಇರುತ್ತದೆ, ತೇವ ಮತ್ತು ಕರೆಂಟು ಸೇರಿದರೆ ಲೋಹ ಕೊರೆಯುತ್ತದೆ. ಮುಚ್ಚಳ ತೆಗೆದಾಗ ಮದರ್‌ಬೋರ್ಡ್ ಒಣಗಿತ್ತು, ಹಸಿರು ಅಥವಾ ಬಿಳಿ ಕಿಲುಬು ಎಲ್ಲೂ ಇರಲಿಲ್ಲ. ಬ್ಯಾಟರಿ ಉಬ್ಬಿರಲಿಲ್ಲ. ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯುತ್ತಿದ್ದೆ.

ಆಮೇಲೆ ಟಿ ಕೀಯ ಬಿಲ್ಲೆ. ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಒಂದು ಮೂಲೆಯ ಕೆಳಗೆ ತೂರಿಸಿ ಮೆಲ್ಲಗೆ ಎತ್ತಬೇಕು. ಟಕ್ ಅಂತ ಒಂದು ಕೊಕ್ಕೆ ಬಿಡುತ್ತದೆ, ಆಮೇಲೆ ಇನ್ನೊಂದು. ಯಾವ ಬದಿಯಿಂದ ಎತ್ತಬೇಕು ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ. ತಪ್ಪು ಕಡೆಯಿಂದ ಬಲ ಹಾಕಿದರೆ ಕತ್ತರಿಯ ಕಡ್ಡಿ ಮುರಿಯುತ್ತದೆ, ಆಗ ಆ ಒಂದು ಕೀಗೆ ಹೊಸ ಬಿಲ್ಲೆ, ಹೊಸ ಕತ್ತರಿ ಹುಡುಕಬೇಕಾಗುತ್ತದೆ. ನಿಮ್ಮ ಮಾದರಿಯ ವಿಡಿಯೊ ನೋಡಿಯೇ ಕೈ ಹಾಕಿ. ಸ್ಪೇಸ್, ಎಂಟರ್, ಶಿಫ್ಟ್ ಇವುಗಳಿಗೆ ಕೈ ಹಾಕದಿರೋದೇ ವಾಸಿ. ಅವುಗಳ ಕೆಳಗೆ ಬೇರೆ ಒಂದು ಸಣ್ಣ ತಂತಿ ಇರುತ್ತದೆ, ಮತ್ತೆ ಕೂರಿಸೋದು ಕಷ್ಟ.

ಟಿ ಕೆಳಗೆ ಕಂದು ಬಣ್ಣದ ಪಾಕ, ಚಿಕ್ಕಿಯ ಮೇಲಿನ ಹೊಳಪಿನ ಹಾಗೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹಿಂಡಿ, ತೊಟ್ಟಿಕ್ಕದ ಹಾಗೆ ಮಾಡಿಕೊಂಡು ಗುಮ್ಮಟದ ಸುತ್ತ ಒರೆಸಿದೆವು. ಹತ್ತಿ ಕಂದಾಯಿತು. ಹೊಸ ಕಡ್ಡಿ. ಹನ್ನೊಂದನೇ ಕಡ್ಡಿ ಬಿಳಿಯಾಗಿಯೇ ವಾಪಸ್ ಬಂತು. ಆಮೇಲೆ ಎರಡು ಕಡ್ಡಿ ಐಸೊಪ್ರೊಪೈಲ್, ಕಿಟಕಿ ತೆರೆದಿಟ್ಟು, ಒಲೆ ಆರಿಸಿ. ಅದು ಬೇಗ ಹೊತ್ತಿಕೊಳ್ಳುವ ದ್ರವ. ಬಿಲ್ಲೆ ಮತ್ತು ಕತ್ತರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದೆವು. ಪಕ್ಕದ ಜಿ ಕೀ ಕೂಡ ಸ್ವಲ್ಪ ಅಂಟುತ್ತಿತ್ತು, ಅದಕ್ಕೂ ಇದೇ ಉಪಚಾರ. ಹೇರ್ ಡ್ರೈಯರ್ ಹಿಡಿಯಲಿಲ್ಲ. ಬಿಸಿಗೆ ಪ್ಲಾಸ್ಟಿಕ್ ಹಾಳೆ, ಕತ್ತರಿ ಎರಡೂ ಸೊಟ್ಟಗಾಗಬಹುದು. ಒಂದು ದಿನ ಪೂರ್ತಿ ಹಾಗೇ ಬಿಟ್ಟೆವು.

ಶನಿವಾರ ಸಂಜೆ ನೂರು ಸಲ ಒತ್ತಿದಾಗ 102 ಟಿ ಬಿದ್ದವು. ಜಿ ಪೂರ್ತಿ ಸರಿ. 127ರಿಂದ 102 ಅಂದರೆ ಒಳ್ಳೆಯ ಗುಣವೇ. ಆದರೆ ಆ ಉಳಿದ ಎರಡು ನನ್ನ ತಲೆ ಕೊರೆಯುತ್ತಿದ್ದವು. ಗುಮ್ಮಟದ ಹೊರಗಿನ ಪಾಕ ಪೂರ್ತಿ ಹೋಗಿದೆ. ಇನ್ನೂ ಎರಡು ಬೀಳುತ್ತಿದೆ ಅಂದರೆ, ಹಾಳೆಗಳ ಒಳಗೂ ಏನೋ ಸೇರಿರಬೇಕು.

ಕೆಟ್ಟ ಕೀಗಳ ನಕ್ಷೆ

ಮುಂದಿನ ಬುಧವಾರ ಮತ್ತೆ ಫೋನ್. “ಅಣ್ಣಾ, ಈಗ ಟಿ ಬರೋದೇ ಇಲ್ಲ. ಅದರ ಜೊತೀಗೆ ಇನ್ನೂ ಮೂರು ಹೋಗ್ಯಾವ.”

“ಯಾವ್ಯಾವುದು ಹೇಳಮ್ಮ, ಒಂದು ಕಾಗದದ ಮೇಲೆ ಕೀಬೋರ್ಡ್ ಬಿಡಿಸಿ ಗುರುತು ಹಾಕು.”

ಫೋಟೊ ಕಳಿಸಿದಳು. ನಾಲ್ಕೂ ಕೀಗಳು ಬೇರೆ ಬೇರೆ ಸಾಲಿನಲ್ಲಿ ಇದ್ದವು. ಒಂದು ಮೇಲಿನ ಅಂಕಿಗಳ ಸಾಲಿನಲ್ಲಿ, ಒಂದು ಕೆಳಗೆ, ಮತ್ತೊಂದು ಕಾಫಿ ಬಿದ್ದ ಜಾಗದಿಂದ ಒಂದು ಗೇಣು ದೂರ. ಆ ಚಿತ್ರ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಹತ್ತಿಕಡ್ಡಿಯ ಕಾಲ ಮುಗೀತು ಅಂತ.

ಆ ಮೇನ್, ಕ್ರಾಸ್ ವಿಳಾಸ ಈಗ ನೆನಪು ಮಾಡಿಕೊಳ್ಳಿ. ಒಂದೇ ಮನೆಗೆ ಹೋಗೋಕಾಗದಿದ್ದರೆ ತೊಂದರೆ ಆ ಮನೆಯ ಬಾಗಿಲಲ್ಲಿರಬಹುದು. ಅಕ್ಕಪಕ್ಕದ ಎರಡು ಮೂರು ಮನೆಗಳಾದರೆ ಅವುಗಳ ಮುಂದೆ ಏನೋ ಚೆಲ್ಲಿದೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ನಾಲ್ಕು ಮನೆಗಳ ದಾರಿ ಒಂದೇ ದಿನ ಮುಚ್ಚಿದರೆ, ಅವೆಲ್ಲ ಒಂದೇ ಕ್ರಾಸಿನಲ್ಲಿವೆ, ಆ ರಸ್ತೆಯೇ ಕಡಿದಿದೆ ಅಂತ ಅರ್ಥ. ಕೀಬೋರ್ಡಿನಲ್ಲಿ ಈ ರಸ್ತೆಗಳು ನೇರವಾಗಿರಲ್ಲ. ಜಾಗ ಸಿಕ್ಕಿದ ಕಡೆ ಸುತ್ತಿ ಬಳಸಿ ಹೋಗುತ್ತವೆ. ಅದಕ್ಕೇ ಒಂದೇ ಗೆರೆಯ ಕೀಗಳು ಚದುರಿದಂತೆ ಕಾಣುತ್ತವೆ.

ರಸ್ತೆ ಕಡಿದಿದ್ದು ಹೇಗೆ? ಹಾಳೆಗಳ ಅಂಚನ್ನು ಸಾಮಾನ್ಯವಾಗಿ ಅಂಟು ಹಾಕಿ ಮುಚ್ಚಿದ್ದರೂ, ಗಾಳಿ ಆಡೋಕೆ ಬಿಟ್ಟ ಸಂದುಗಳಿಂದ, ಸ್ಕ್ರೂ ತೂತಿನ ಪಕ್ಕದಿಂದ ದ್ರವ ಒಳಗೆ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯ ತುದಿಯಿಂದ ನೀರು ಮೇಲೇರುವ ಹಾಗೆ. ಒಳಗೆ ಹೋದದ್ದು ಹೊರಗೆ ಬರಲ್ಲ. ಅಲ್ಲಿ ತೇವ ಇದೆ, ಬೆಳ್ಳಿಯ ಗೆರೆ ಇದೆ, ಲ್ಯಾಪ್‌ಟಾಪ್ ಓಡುವಾಗ ಸಣ್ಣ ವೋಲ್ಟೇಜ್ ಇದೆ. ಈ ಮೂರೂ ಸೇರಿದಾಗ ಬೆಳ್ಳಿ ಒಂದು ಗೆರೆಯಿಂದ ಕರಗಿ ಪಕ್ಕದ ಗೆರೆಯ ಕಡೆಗೆ ವಲಸೆ ಹೋಗುತ್ತದೆ. ಕರಗಿದ ಗೆರೆ ಸವೆದು ಕಡಿದರೆ ಆ ರಸ್ತೆಯ ಕೀಗಳೆಲ್ಲ ಸತ್ತವು. ವಲಸೆ ಹೋದ ಬೆಳ್ಳಿ ಬೇರಿನ ಹಾಗೆ ಬೆಳೆದು ಪಕ್ಕದ ಗೆರೆ ಮುಟ್ಟಿದರೆ ಎರಡು ರಸ್ತೆ ಒಂದಾಗುತ್ತವೆ. ಆಗ ಒಂದು ಕೀ ಒತ್ತಿದರೆ ಜೊತೆಗೆ ಬೇರೊಂದು ಅಕ್ಷರವೂ ಬೀಳುತ್ತದೆ.

ಹೀಗೆ ದೋಷದ ಮುಖ ನೋಡಿ ಜಾಗ ಹೇಳಬಹುದು. ಒಂದೇ ಕೀ ಅಂಟುತ್ತಿದೆ, ಜೋಡಿ ಅಕ್ಷರ ಬೀಳುತ್ತಿದೆ ಅಂದರೆ ಬಿಲ್ಲೆ ತೆಗೆದು ತೊಳೆದು ನೋಡುವುದಕ್ಕೆ ಅರ್ಥವಿದೆ. ಚದುರಿದ ಕೀಗಳು ಒಟ್ಟಿಗೆ ಸತ್ತಿವೆ, ಅಥವಾ ಒಂದು ಒತ್ತಿದರೆ ಬೇರೆ ಅಕ್ಷರವೂ ಬರುತ್ತಿದೆ ಅಂದರೆ ಹಾಳೆಯೊಳಗಿನ ಗೆರೆ ಹೋಗಿದೆ. ಅದನ್ನು ಯಾವ ದ್ರವವೂ ವಾಪಸ್ ತರಲ್ಲ. ಅಂಗಡಿಯವರು ಪೂರ್ತಿ ಕ್ಲೀನ್ ಮಾಡಿಕೊಡ್ತೀವಿ ಅಂತ ಹಣ ಕೇಳಿದರೆ, ಈ ನಕ್ಷೆಯನ್ನು ಮುಂದಿಟ್ಟು ಮಾತಾಡಿ.

ಯಾವ ಕೀಬೋರ್ಡ್ ತರಿಸೋದು

ಪ್ರಬಂಧಕ್ಕೆ ಇನ್ನು ಹತ್ತು ದಿನ. ಆ ಹತ್ತು ದಿನಕ್ಕೆ ಉತ್ತರ ಸರಳವಾಗಿತ್ತು: ಹೊರಗಿನ ಯುಎಸ್‌ಬಿ ಕೀಬೋರ್ಡ್. ಹಳೆಯದನ್ನು ಸುಮ್ಮನೆ ಬಿಡೋಕಾಗಲ್ಲ. ಕೆಟ್ಟ ಹಾಳೆ ತಾನಾಗಿಯೇ ಅಕ್ಷರ ಒತ್ತೋಕೆ ಶುರುಮಾಡಿದರೆ ಬರೆದದ್ದೆಲ್ಲ ಹಾಳು. ಹಾಗಾಗಿ ಮುಚ್ಚಳ ತೆಗೆದು ಬ್ಯಾಟರಿ ಬೇರೆ ಮಾಡಿ, ಕೀಬೋರ್ಡಿನಿಂದ ಬೋರ್ಡಿಗೆ ಬರುವ ರಿಬ್ಬನ್ ಪಟ್ಟಿಯ ಚಿಲಕ ಎತ್ತಿ ಪಟ್ಟಿಯನ್ನು ಹೊರಗೆಳೆದೆವು. ಒಂದು ಎಚ್ಚರಿಕೆ, ಕೆಲವು ಮಾದರಿಗಳಲ್ಲಿ ಪವರ್ ಬಟನ್ ಕೂಡ ಅದೇ ಪಟ್ಟಿಯ ಮೂಲಕ ಬರುತ್ತದೆ. ಬಟನ್ ಕೀಬೋರ್ಡಿನ ಸಾಲಿನಲ್ಲೇ ಇದ್ದರೆ ಮೊದಲು ವಿಚಾರಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಆನ್ ಮಾಡೋಕೇ ದಾರಿ ಇರಲ್ಲ. ಅವಳದರಲ್ಲಿ ಬಟನ್ ಪಕ್ಕದ ಅಂಚಿನಲ್ಲಿತ್ತು.

ನಡುವೆ ಅವಳು ವಿಂಡೋಸಿನ `Filter keys` ಬಗ್ಗೆ ಕೇಳಿದಳು. ಅದರಲ್ಲಿ ಬೇಗಬೇಗ ಬಿದ್ದ ಎರಡನೇ ಒತ್ತನ್ನು ಬಿಟ್ಟುಬಿಡುವ ಸೌಲಭ್ಯ ಇದೆ. ಜೋಡಿ ಅಕ್ಷರಕ್ಕೆ ಅದೊಂದು ತಾತ್ಕಾಲಿಕ ಪಟ್ಟಿ ಕಟ್ಟಿದ ಹಾಗೆ. ಆದರೆ ಅಲ್ಲಿ ಕಾಯುವ ಸಮಯ ಅರ್ಧ ಸೆಕೆಂಡಿನಿಂದ ಶುರು. ನಮ್ಮ ಭಾಷೆಯಲ್ಲಿ ಅಮ್ಮ, ಅಕ್ಕ, ಅಣ್ಣ, ಅಪ್ಪ ಎಲ್ಲರೂ ಒತ್ತಕ್ಷರದವರೇ. ಪ್ರತಿಯೊಬ್ಬರಿಗೂ ಅರ್ಧ ಸೆಕೆಂಡು ಕಾಯುತ್ತಾ ಟೈಪ್ ಮಾಡೋದು ಒಂದೆರಡು ದಿನಕ್ಕೆ ಸರಿ.

ಪ್ರಬಂಧ ಒಪ್ಪಿಸಿದ ಮೇಲೆ ಬದಲಾವಣೆಯ ಕೆಲಸ. ವಾರಂಟಿಯಲ್ಲಿ ಚೆಲ್ಲಿದ ನೀರಿಗೆ ಸಾಮಾನ್ಯವಾಗಿ ಜಾಗ ಇರಲ್ಲ. ಒಳಗೆ ಒದ್ದೆಯಾದರೆ ಬಣ್ಣ ಬದಲಾಗುವ ಪುಟ್ಟ ಸ್ಟಿಕರ್‌ಗಳನ್ನು ಅನೇಕ ತಯಾರಕರು ಅಂಟಿಸಿರುತ್ತಾರೆ. ಆಕಸ್ಮಿಕ ಹಾನಿಯ ವಿಮೆ ಬೇರೆ ಮಾಡಿಸಿದ್ದರೆ ಮಾತ್ರ ಕೇಳಬಹುದು. ಅವಳು ಮಾಡಿಸಿರಲಿಲ್ಲ.

ಇಲ್ಲಿ ನಮ್ಮಂಥ ಹೊರದೇಶದವರಿಗೆ ಮಾತ್ರ ಬರುವ ಒಂದು ತೊಡಕಿದೆ. ಅವಳ ಲ್ಯಾಪ್‌ಟಾಪ್ ಬೆಂಗಳೂರಿನಲ್ಲಿ ಕೊಂಡದ್ದು. ಭಾರತದಲ್ಲಿ ಸಿಗುವ ಬಹುತೇಕ ಲ್ಯಾಪ್‌ಟಾಪುಗಳಿಗೆ ಅಮೆರಿಕದ ವಿನ್ಯಾಸದ ಕೀಬೋರ್ಡ್ ಇರುತ್ತದೆ. ಅದರಲ್ಲಿ ಎಂಟರ್ ಕೀ ಅಡ್ಡ ಮಲಗಿರುತ್ತದೆ, ಎಡಗಡೆ ಶಿಫ್ಟ್ ಉದ್ದ. ಜರ್ಮನಿ, ಇಂಗ್ಲೆಂಡ್ ಮತ್ತು ಯುರೋಪಿನ ಬಹಳಷ್ಟು ದೇಶಗಳಲ್ಲಿ ಎಂಟರ್ ನಿಂತುಕೊಂಡಿರುತ್ತದೆ, ಎಡ ಶಿಫ್ಟ್ ಗಿಡ್ಡವಾಗಿ ಅದರ ಪಕ್ಕ ಇನ್ನೊಂದು ಕೀ ಇರುತ್ತದೆ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಜೆಡ್ ಜಾಗ ಬೇರೆ ಅದಲು ಬದಲು. ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪ್ರತಿ ಕೀಗೂ ಮೇಲಿನ ಕವಚದಲ್ಲಿ ಬೇರೆ ಬೇರೆ ಕಿಂಡಿ ಇರುತ್ತದೆ. ನಿಂತ ಎಂಟರ್ ಕೀ ಮಲಗಿದ ಎಂಟರಿನ ಕಿಂಡಿಯಲ್ಲಿ ತೂರಲ್ಲ. ಮಾದರಿಯ ಹೆಸರೊಂದೇ ನೋಡಿ ಇಲ್ಲಿ ಸಿಕ್ಕಿದ ಕೀಬೋರ್ಡ್ ತರಿಸಿದ್ದರೆ ಹಣ ಹೋಗುತ್ತಿತ್ತು.

ಎರಡನೇ ತೊಡಕು ಕೀಬೋರ್ಡ್ ಕೂರಿಸಿದ ರೀತಿ. ಹಳೆಯ ಮಾದರಿಗಳಲ್ಲಿ ಎರಡು ಮೂರು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಮೇಲಕ್ಕೆ ಎದ್ದು ಬರುತ್ತದೆ. ಹತ್ತು ನಿಮಿಷದ ಕೆಲಸ. ಅವಳದರಲ್ಲಿ ಮದರ್‌ಬೋರ್ಡ್, ಬ್ಯಾಟರಿ ಎಲ್ಲ ತೆಗೆದ ಮೇಲೆ ಕೀಬೋರ್ಡಿನ ಬೆನ್ನು ಕಾಣುತ್ತದೆ, ಮತ್ತು ಅದನ್ನು ಕವಚಕ್ಕೆ ಹಿಡಿದಿರೋದು ಸ್ಕ್ರೂ ಅಲ್ಲ, ಕರಗಿಸಿ ಒತ್ತಿದ ಹತ್ತಾರು ಪ್ಲಾಸ್ಟಿಕ್ ಮೊಳೆಗಳು. ಒಂದೊಂದನ್ನೂ ಕತ್ತರಿಸಿ, ಹೊಸದನ್ನು ಮತ್ತೆ ಕಾಯಿಸಿ ಕೂರಿಸಬೇಕು. ಎಲ್ಲಾದರೂ ಸಡಿಲವಾದರೆ ಅಲ್ಲಿ ಟೈಪ್ ಮಾಡುವಾಗ ಕೀಬೋರ್ಡ್ ಕುಣಿಯುತ್ತದೆ. ಕೀಬೋರ್ಡ್ ಮಾತ್ರ ಅಗ್ಗ, ಆದರೆ ಶ್ರಮ ವಿಪರೀತ.

ಇದಕ್ಕೆ ಪರ್ಯಾಯ, ಕೀಬೋರ್ಡ್ ಸಮೇತವಾಗಿ ಮೇಲಿನ ಕವಚವನ್ನೇ ಬದಲಿಸೋದು. ಬೆಲೆ ಹೆಚ್ಚು. ಆದರೆ ಮೊಳೆಗಳ ಸಹವಾಸ ಇಲ್ಲ, ಒಳಗಿನ ಭಾಗಗಳನ್ನು ಹೊಸ ಕವಚಕ್ಕೆ ಸಾಗಿಸಿದರೆ ಆಯಿತು. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕಿಂಡಿಗಳಿರೋದು ಕವಚದಲ್ಲಿ ತಾನೇ? ಕವಚವೇ ಬದಲಾದರೆ ಅದೇ ಮಾದರಿಯ ಜರ್ಮನ್ ವಿನ್ಯಾಸವೂ ಕೂರುತ್ತದೆ. ಪರದೆ ಒಡೆದು ಮಾರಾಟಕ್ಕೆ ಬಂದ ಅದೇ ಮಾದರಿಯ ಒಂದು ಲ್ಯಾಪ್‌ಟಾಪಿನ ಕವಚ ಅವಳಿಗೆ ಇಲ್ಲೇ ಸಿಕ್ಕಿತು. ತರಿಸುವ ಮೊದಲು ಮೂರು ಸಂಗತಿ ತಾಳೆ ನೋಡಿದೆವು: ಲ್ಯಾಪ್‌ಟಾಪಿನ ಬೆನ್ನಿನ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆ, ಕೀಗಳ ಕೆಳಗೆ ಬೆಳಕು ಇದೆಯೇ ಇಲ್ಲವೇ, ಮತ್ತು ಬೆರಳಚ್ಚು ಓದುವ ಕಿಂಡಿ. ಬೆಳಕು ಇರುವ ಕೀಬೋರ್ಡಿಗೆ ಇನ್ನೊಂದು ರಿಬ್ಬನ್ ಪಟ್ಟಿ ಬೇಕು, ಅದಕ್ಕೆ ಬೋರ್ಡಿನಲ್ಲಿ ಜಾಗ ಇಲ್ಲದಿದ್ದರೆ ಬೆಳಕು ಬರಲ್ಲ.

ಒಂದು ಭಾನುವಾರ ಮಧ್ಯಾಹ್ನ, ಸ್ಕ್ರೂಗಳನ್ನು ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಅಂಟಿಸಿಕೊಂಡು, ಇಬ್ಬರೂ ಕೂತು ಮೂರೂವರೆ ಗಂಟೆಯಲ್ಲಿ ಮುಗಿಸಿದೆವು. ವಿಂಡೋಸಿನಲ್ಲಿ ವಿನ್ಯಾಸವನ್ನು ಅಮೆರಿಕನ್ ಇಂಗ್ಲಿಷ್ ಅಂತಲೇ ಇಟ್ಟುಕೊಂಡಿದ್ದಾಳೆ. ವೈ ಕೀಯ ಮೇಲೆ ಜೆಡ್ ಅಂತ ಬರೆದಿದೆ, ಕೀ ನೋಡದೆ ಟೈಪ್ ಮಾಡೋಳಿಗೆ ಅದೇನೂ ತೊಂದರೆ ಇಲ್ಲ.

ಹಳೆಯ ಕೀಬೋರ್ಡನ್ನು ನಾನು ಇಟ್ಟುಕೊಂಡು ಹಾಳೆಗಳನ್ನು ಬಿಡಿಸಿ ನೋಡಿದೆ. ಟಿ ಇರುವ ಜಾಗದಲ್ಲಿ ಕಂದು ಕಲೆ, ಅಲ್ಲಿಂದ ಎರಡು ಬೆರಳಿನಷ್ಟು ದೂರದಲ್ಲಿ ಹೊಳೆಯುವ ಗೆರೆಯೊಂದು ಕಪ್ಪಾಗಿ, ಕೂದಲೆಳೆಯಷ್ಟು ಜಾಗದಲ್ಲಿ ಕಡಿದುಹೋಗಿತ್ತು.

ಕಾಫಿ ಬಿದ್ದ ಆ ಶನಿವಾರ ಅವಳು ಏನು ಮಾಡಿದ್ದಳು ಅಂತ ಆಮೇಲೆ ಕೇಳಿದೆ. ಬರೆದದ್ದನ್ನು ಸೇವ್ ಮಾಡಿ, ತೆರೆದಿದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಆರಿಸಿ, ರಾತ್ರಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಆ ಹತ್ತು ನಿಮಿಷ ಒದ್ದೆ ಗೆರೆಗಳಲ್ಲಿ ಕರೆಂಟು ಹರಿಯಿತು. ಅಕ್ಕಿ ಸಕ್ಕರೆಯನ್ನು ಹೀರಲ್ಲ, ಒಳಗಿನ ನೀರನ್ನೂ ಎಳೆಯಲ್ಲ, ಧೂಳು ಮಾತ್ರ ಸೇರಿಸುತ್ತದೆ. ಮಾಡಬೇಕಾಗಿದ್ದದ್ದು: ಚಾರ್ಜರ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಗುಡಾರದ ಹಾಗೆ ಕವುಚಿ ಕಾಫಿ ಕೀಗಳ ಕಡೆಯಿಂದಲೇ ಇಳಿದುಹೋಗುವಂತೆ ಬಿಟ್ಟು, ಆದಷ್ಟು ಬೇಗ ಬ್ಯಾಟರಿ ಬೇರೆ ಮಾಡಿಸಿ, ಎರಡು ದಿನ ಮುಟ್ಟದೆ ಇರೋದು. ಸೇವ್ ಆಗದ ಒಂದು ಪುಟ ಹೋದರೆ ಮತ್ತೆ ಬರೆಯಬಹುದು.

ಅವಳ ಕತೆ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು. ಮೂರನೇ ಪ್ಯಾರಾದಲ್ಲಿ ಒಂದು ಕತ್ತೆ ಹಾಗೇ ಉಳಿದುಬಿಟ್ಟಿದೆ. ಓದಿದವರು ಅದೂ ಕತೆಯ ಭಾಗ ಅಂತಲೇ ಅಂದುಕೊಂಡಿದ್ದಾರೆ, ಅವಳೂ ತಿದ್ದೋಕೆ ಹೋಗಿಲ್ಲ.

ನಿಮ್ಮ ಕೀಬೋರ್ಡಿನಲ್ಲಿ ಯಾವ ಕೀಗಳು ಒಟ್ಟಿಗೆ ಕೆಟ್ಟವು ಅನ್ನೋ ನಕ್ಷೆ ಬಿಡಿಸಿದ್ದರೆ ನಮಗೆ ಕಳಿಸಿ.